ಮೂರು ನೋಟ್, ಒಂದು ಹಾಳೆ: ಬಾಯಿ ಕ್ಯಾನ್ಸರ್ ಕೇಸಿಗೆ ಟ್ಯೂಮರ್ ಬೋರ್ಡ್ ಸಾರಾಂಶ ಬರೆಯುವ ಬಗೆ

ಟ್ಯೂಮರ್ ಬೋರ್ಡಿನಲ್ಲಿ ಒಂದು ಕೇಸಿಗೆ ಸಿಗುವುದು ಐದಾರು ನಿಮಿಷ. ಸರ್ಜನ್ ಬರೆದದ್ದು, ಆಂಕಾಲಜಿಯವರು ಬರೆದದ್ದು, ಪೆಥಾಲಜಿ ರಿಪೋರ್ಟು ಮೂರನ್ನೂ ಒಂದರ ಕೆಳಗೊಂದು ಅಂಟಿಸಿದರೆ ನಾಲ್ಕು ಪುಟದ ಕಾಗದವಾಗುತ್ತದೆ, ಸಾರಾಂಶವಾಗುವುದಿಲ್ಲ. ಈ ಮೂರು ನೋಟುಗಳು ಬೇರೆ ಬೇರೆ ದಿನ, ಬೇರೆ ಬೇರೆ ಪ್ರಶ್ನೆಗೆ ಉತ್ತರವಾಗಿ ಬರೆದವು. ಆದ್ದರಿಂದ ಅವು ಒಂದಕ್ಕೊಂದು ಹೊಂದದಿರುವುದು ಸಹಜ. ಎಲ್ಲಿ ಹೊಂದುತ್ತಿಲ್ಲ ಎಂದು ಸಭೆಗೆ ಮುಂಚೆಯೇ ಹುಡುಕಿ, ಮೂಲಕ್ಕೆ ಹೋಗಿ ಬಗೆಹರಿಸಿ, ಬಗೆಹರಿಯದ್ದನ್ನು ಎದ್ದು ಕಾಣುವಂತೆ ಬರೆಯುವುದೇ ಸಾರಾಂಶ ಮಾಡುವವರ ಕೆಲಸ. ಚಿಕಿತ್ಸೆ ಏನೆಂದು ತೀರ್ಮಾನಿಸುವುದು ಬೋರ್ಡಿನ ಕೆಲಸ.

ಎಲ್ಲಾ ಬಗೆಯ ಕ್ಯಾನ್ಸರಿಗೂ ಒಂದೇ ನಮೂನೆ ಕೊಡುವ ಬದಲು ನಮ್ಮ ಕಡೆ ಪದೇ ಪದೇ ಬರುವ ಒಂದನ್ನೇ ಹಿಡಿಯೋಣ. ಗುಟ್ಕಾ, ತಂಬಾಕು, ಎಲೆ-ಅಡಿಕೆಯನ್ನು ದವಡೆ ಸಂದಿಯಲ್ಲಿ ಒತ್ತಿಟ್ಟುಕೊಳ್ಳುವವರಿಗೆ ಅದೇ ಜಾಗದಲ್ಲಿ, ಅಂದರೆ ಕೆನ್ನೆ ಮತ್ತು ಕೆಳವಸಡು ಕೂಡುವಲ್ಲಿ ಬರುವ ಸ್ಕ್ವೇಮಸ್ ಸೆಲ್ ಕ್ಯಾನ್ಸರ್. ಆಪರೇಷನ್ ಆಗಿದೆ, ಮುಂದೇನು ಎಂದು ಬೋರ್ಡು ಹೇಳಬೇಕು. ಕಲಿಕೆಗೆಂದು ಕಟ್ಟಿಕೊಂಡ ಕೇಸ್ ಇದು: ಸಿಂಧನೂರು ಕಡೆಯ 52 ವರ್ಷದ ಕೃಷಿ ಕೂಲಿಕಾರ, ಬಲಗಡೆಯ ಹುಣ್ಣು. ಜೂನ್ 3ರಂದು ಗೆಡ್ಡೆಯನ್ನು ಕೆಳದವಡೆಯ ಮೇಲಂಚಿನ ಪಟ್ಟಿಯ ಸಮೇತ ತೆಗೆದು, ಬಲಗತ್ತಿನ ನೋಡ್‌ಗಳನ್ನೂ ತೆಗೆದಿದ್ದಾರೆ. ಬೋರ್ಡು ಜೂನ್ 27ಕ್ಕೆ.

ಮೊದಲು ಪ್ರಶ್ನೆ ಬರೆಯಿರಿ

ಫೈಲು ತೆರೆಯುವ ಮೊದಲೇ ಖಾಲಿ ಹಾಳೆಯ ಮೇಲ್ತುದಿಯಲ್ಲಿ ಒಂದು ವಾಕ್ಯದಲ್ಲಿ ಪ್ರಶ್ನೆ ಬರೆದುಕೊಳ್ಳಿ. "ಅಭಿಪ್ರಾಯಕ್ಕಾಗಿ" ಎಂದು ಬರೆದರೆ ಅದು ಪ್ರಶ್ನೆಯಲ್ಲ. ಈ ಕೇಸಿಗೆ: "ಆಪರೇಷನ್ ನಂತರ ರೇಡಿಯೇಷನ್ ಒಂದೇ ಸಾಕೇ, ಜೊತೆಗೆ ಕೀಮೋ ಬೇಕೇ? ಬೇಕಾದರೆ ಈ ರೋಗಿ ಸಿಸ್‌ಪ್ಲಾಟಿನ್ ತಡೆದುಕೊಳ್ಳುತ್ತಾನೆಯೇ?"

ಪ್ರಶ್ನೆ ಮೊದಲು ಬರೆದರೆ ಹಾಳೆಗೆ ಯಾವ ಸಂಗತಿ ಬೇಕು, ಯಾವುದು ಬೇಡ ಎಂಬುದು ತಾನಾಗಿ ಗೊತ್ತಾಗುತ್ತದೆ. ರೇಡಿಯೇಷನ್ ಜೊತೆ ಕೀಮೋ ಸೇರಿಸಬೇಕೋ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವವು ಎರಡು: ನೋಡಿನ ಕವಚ ಒಡೆದು ರೋಗ ಹೊರಬಂದಿದೆಯೇ, ಕತ್ತರಿಸಿದ ಅಂಚಿನಲ್ಲಿ ಗೆಡ್ಡೆ ಉಳಿದಿದೆಯೇ. 2004ರಲ್ಲಿ ಪ್ರಕಟವಾದ ಯುರೋಪ್ ಮತ್ತು ಅಮೆರಿಕದ ಎರಡು ದೊಡ್ಡ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸಿಸ್‌ಪ್ಲಾಟಿನ್ ಸೇರಿಸಿದ್ದರ ಲಾಭ ಸ್ಪಷ್ಟವಾಗಿ ಕಂಡದ್ದು ಈ ಎರಡು ಗುಂಪುಗಳಲ್ಲೇ. ಹಾಗಾಗಿ ಹಾಳೆಯ ಅರ್ಧ ಜಾಗ ಇವೆರಡಕ್ಕೇ ಮೀಸಲು. ಹುಣ್ಣು ಎಷ್ಟು ತಿಂಗಳಿಂದ ಇತ್ತು, ಮೊದಲು ಯಾರ ಹತ್ತಿರ ತೋರಿಸಿದ್ದರು ಎಂಬುದಕ್ಕೆಲ್ಲ ಒಂದು ಸಾಲು ಸಾಕು.

ಕಾಗದಗಳನ್ನು ತಾರೀಖಿನ ಸಾಲಿನಲ್ಲಿ ಜೋಡಿಸಿ

ವಿಭಾಗದ ಪ್ರಕಾರವಲ್ಲ, ತಾರೀಖಿನ ಪ್ರಕಾರ ಜೋಡಿಸಿ. ಈ ಕೇಸಿನಲ್ಲಿ ಹೀಗಾಗುತ್ತದೆ: ಮೇ 28 ಆಪರೇಷನ್‌ಗೆ ಮುಂಚಿನ ರಕ್ತಪರೀಕ್ಷೆ, ಜೂನ್ 3 ಆಪರೇಷನ್ ನೋಟ್ ಮತ್ತು ಫ್ರೋಜನ್ ಫಲಿತಾಂಶ, ಜೂನ್ 12 ಪೆಥಾಲಜಿಯ ತಾತ್ಕಾಲಿಕ ರಿಪೋರ್ಟು, ಜೂನ್ 16 ಆಂಕಾಲಜಿ ಒಪಿಡಿ ನೋಟ್, ಜೂನ್ 23 ಪೆಥಾಲಜಿಯ ಅಂತಿಮ ರಿಪೋರ್ಟು, ಜೂನ್ 24 ಹೊಸ ರಕ್ತಪರೀಕ್ಷೆ.

ಹೀಗೆ ಇಟ್ಟ ಕೂಡಲೇ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಆಂಕಾಲಜಿ ನೋಟ್ ಬರೆದದ್ದು 16ಕ್ಕೆ. ಆಗ ಅವರ ಕೈಯಲ್ಲಿದ್ದದ್ದು 12ರ ತಾತ್ಕಾಲಿಕ ರಿಪೋರ್ಟು ಮಾತ್ರ. ದವಡೆ ಮೂಳೆ ಸೇರಿದ ತುಂಡಿನಲ್ಲಿ ಇದು ಹೆಚ್ಚು ಸಲ ಆಗುವುದೇ. ಮೂಳೆಯನ್ನು ಹಾಗೆಯೇ ಸ್ಲೈಡಿಗೆ ಕತ್ತರಿಸಲು ಬರುವುದಿಲ್ಲ, ಆಸಿಡ್ಡಿನಲ್ಲಿಟ್ಟು ಸುಣ್ಣದಂಶ ಕರಗಿಸಬೇಕು, ಅದಕ್ಕೆ ಎಷ್ಟೋ ದಿನ ಹಿಡಿಯುತ್ತದೆ. ಮೆತ್ತನೆಯ ಭಾಗದ ರಿಪೋರ್ಟು ಮೊದಲು ಬರುತ್ತದೆ, ಮೂಳೆಯದು ಆಮೇಲೆ. ಮೂಳೆಯ ಹೊರಪದರವನ್ನು ದಾಟಿ ರೋಗ ಒಳಹೊಕ್ಕಿದೆ ಎಂದು ಬಂದರೆ ಸ್ಟೇಜು ನೇರ pT4aಗೆ ಹೋಗುತ್ತದೆ. ಆದ್ದರಿಂದ ರಿಪೋರ್ಟಿನ ಎಲ್ಲಾದರೂ "ಮೂಳೆಯ ವರದಿ ಬಾಕಿ" ಎಂದು ಕಂಡರೆ T ಕಾಲಮಿನಲ್ಲಿ ಏನೂ ಬರೆಯಬೇಡಿ. ಈ ಕೇಸಿನಲ್ಲಿ 23ರ ರಿಪೋರ್ಟಿನಲ್ಲಿ ಮೂಳೆ ಶುದ್ಧ ಎಂದಿದೆ.

ಜೋಡಿಸುವಾಗಲೇ ಗುರುತು ತಾಳೆ ನೋಡಿಕೊಳ್ಳಿ. ನಮ್ಮ ಕಡೆ ಒಂದೇ ವಾರ್ಡಿನಲ್ಲಿ ಇಬ್ಬರು ಹನುಮಂತಪ್ಪ, ಮೂವರು ಬಸವರಾಜ ಇರುವುದು ಹೊಸದೇನಲ್ಲ. ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗು ಒಂದೊಂದು ಕೌಂಟರಿನಲ್ಲಿ ಒಂದೊಂದು ಥರ, ವಯಸ್ಸು ಆಧಾರಿನಲ್ಲಿ ಒಂದು, ಓಪಿ ಚೀಟಿಯಲ್ಲಿ ಇನ್ನೊಂದು. ಹೆಸರನ್ನು ನಂಬಬೇಡಿ. ಆಸ್ಪತ್ರೆ ನಂಬರು ಪ್ರತಿ ಕಾಗದದಲ್ಲೂ ಒಂದೇ ಇದೆಯೇ, ಪೆಥಾಲಜಿ ನಂಬರು ಫ್ರೋಜನ್ ಮತ್ತು ಅಂತಿಮ ರಿಪೋರ್ಟಿನಲ್ಲಿ ಕೂಡುತ್ತದೆಯೇ, ಬಲ-ಎಡ ಎಲ್ಲೆಡೆ ಬಲವೇ ಇದೆಯೇ ಎಂದು ನೋಡಿ. ಹೊರಗಿನ ಲ್ಯಾಬಿನಲ್ಲಿ ಮಾಡಿಸಿದ ಬಯಾಪ್ಸಿಗೆ ಆಸ್ಪತ್ರೆ ನಂಬರು ಇರುವುದಿಲ್ಲ. ಅದರ ಮುಂದೆ "ಹೊರಗಿನದು" ಎಂದು ಬರೆದು ಲ್ಯಾಬ್ ನಂಬರು ಹಾಕಿ.

ಮೂರು ಕಾಲಂ ಹಾಕಿ

ಈಗ ಕಚ್ಚಾ ಹಾಳೆಯಲ್ಲಿ ಒಂದು ಪಟ್ಟಿ. ಎಡಕ್ಕೆ ಸಂಗತಿ, ಮುಂದೆ ಮೂರು ವಿಭಾಗದವರು ಏನು ಬರೆದಿದ್ದಾರೆ ಅನ್ನುವುದು, ಅವರ ಮಾತಿನಲ್ಲೇ. ಇನ್ನೂ ತಿದ್ದಬೇಡಿ, ಒಗ್ಗೂಡಿಸಬೇಡಿ. ಖಾಲಿ ಇದ್ದರೆ ಖಾಲಿ ಬಿಡಿ.

| ಸಂಗತಿ | ಸರ್ಜರಿ (ಜೂನ್ 3) | ಆಂಕಾಲಜಿ (ಜೂನ್ 16) | ಪೆಥಾಲಜಿ ಅಂತಿಮ (ಜೂನ್ 23) |
|---|---|---|---|
| ಗೆಡ್ಡೆಯ ಅಳತೆ | ಸುಮಾರು 4 ಸೆಂ.ಮೀ. | 3.2 ಸೆಂ.ಮೀ. | 3.2 ಸೆಂ.ಮೀ. |
| ಆಳ | – | 14 ಮಿ.ಮೀ. | ದಪ್ಪ 14, ಆಳ 9 ಮಿ.ಮೀ. |
| ಹಿಂಬದಿ ಅಂಚು | ಹೆಚ್ಚುವರಿ ಪಟ್ಟಿ ತೆಗೆದಿದೆ, ಫ್ರೋಜನ್ ಶುದ್ಧ | "ಅಂಚುಗಳು ಶುದ್ಧ" | 3 ಮಿ.ಮೀ.; ಬೇರೆ ಡಬ್ಬಿಯ ಪಟ್ಟಿಯಲ್ಲಿ ಗೆಡ್ಡೆ ಇಲ್ಲ |
| ನೋಡ್ | ಲೆವೆಲ್ 1ಬಿಯಲ್ಲಿ ದೊಡ್ಡ ನೋಡ್ | 3 ಪಾಸಿಟಿವ್ | 3/30 |
| ಕವಚದ ಹೊರಗೆ | "ಅಂಟಿಕೊಂಡಿರಲಿಲ್ಲ" | – | ಲೆವೆಲ್ 2ಎ, 1.5 ಮಿ.ಮೀ. |
| ಸ್ಟೇಜು | cT2 N1 | pT3 N2b | ಬರೆದಿಲ್ಲ |
| ಕಿಡ್ನಿ | ಕ್ರಿಯಾಟಿನಿನ್ 0.9 | "ಸಾಮಾನ್ಯ" | – |

ಆರು ಕಡೆ ಒಡಕು ಕಾಣುತ್ತಿದೆ. ಗೆಡ್ಡೆಯ ಅಳತೆಯದು ಒಡಕೇ ಅಲ್ಲ: ಸರ್ಜನ್ ಬಾಯೊಳಗೆ ಬೆರಳಿಟ್ಟು ಅಂದಾಜು ಮಾಡಿದ್ದು, ಪೆಥಾಲಜಿಯವರು ಅಳೆದದ್ದು. ಆಪರೇಷನ್ ಆದ ಮೇಲೆ ಪೆಥಾಲಜಿಯ ಅಳತೆಯೇ ನಿಲ್ಲುತ್ತದೆ. ಉಳಿದವಕ್ಕೆ ಸ್ವಲ್ಪ ತಾಳ್ಮೆ ಬೇಕು.

ಬಗೆಹರಿಸುವಾಗ ಯಾವ ಸಂಗತಿ ಯಾರ ಕಣ್ಣಿನದು ಎಂದು ಕೇಳಿಕೊಳ್ಳಿ. ಅಳತೆ, ಆಳ, ನೋಡಿನ ಲೆಕ್ಕ, ಕವಚ ಒಡೆದದ್ದು ಪೆಥಾಲಜಿಯವರ ಮಾತು. ಯಾವ ಜಾಗದಿಂದ ಏನು ತೆಗೆದರು, ಹೊಲಿಗೆ ಗುರುತು ಎಲ್ಲಿ ಹಾಕಿದರು, ಹೆಚ್ಚುವರಿ ಪಟ್ಟಿ ಎಲ್ಲಿಂದ ಬಂತು ಎಂಬುದು ಸರ್ಜನ್ ಮಾತು. ರೋಗಿಯ ಈಗಿನ ಶಕ್ತಿ, ಕಿಡ್ನಿ, ಕಿವಿ ಆಂಕಾಲಜಿಯವರದು. ಯಾರಾದರೂ ತಮ್ಮದಲ್ಲದ ಸಂಗತಿಯನ್ನು ಬರೆದಿದ್ದರೆ ಅದು ನಕಲು. ನಕಲಿನ ಮೂಲಕ್ಕೆ ಹೋಗಿ.

ಆಳವೋ ದಪ್ಪವೋ

ಬಾಯಿ ಕ್ಯಾನ್ಸರಿನಲ್ಲಿ ಅತಿ ಹೆಚ್ಚು ತಪ್ಪಾಗುವ ಸಂಖ್ಯೆ ಇದೇ. 2018ರಿಂದ ಬಳಕೆಗೆ ಬಂದ ಎಜೆಸಿಸಿ 8ನೇ ಆವೃತ್ತಿ ಗೆಡ್ಡೆಯ ಅಗಲದ ಜೊತೆ ಒಳಹೊಕ್ಕ ಆಳವನ್ನೂ T ಲೆಕ್ಕಕ್ಕೆ ತಂದಿತು. 2ರಿಂದ 4 ಸೆಂ.ಮೀ. ನಡುವಿನ ಗೆಡ್ಡೆಗೆ ಆಳ 10 ಮಿ.ಮೀ. ಮೀರದಿದ್ದರೆ T2, ಮೀರಿದರೆ T3.

ಆಳ ಎಂದರೆ ಪಕ್ಕದ ಆರೋಗ್ಯವಂತ ಬಾಯಿಪೊರೆಯ ತಳಗೆರೆಯಿಂದ ಕೆಳಕ್ಕೆ ಲಂಬವಾಗಿ ಗೆಡ್ಡೆ ಎಷ್ಟು ಇಳಿದಿದೆ ಅನ್ನುವುದು. ದಪ್ಪ ಎಂದರೆ ಗೆಡ್ಡೆಯ ಮೇಲ್ಮೈಯಿಂದ ತಳದವರೆಗೆ. ಹೂಕೋಸಿನ ಹಾಗೆ ಮೇಲೆ ಬೆಳೆದ ಗೆಡ್ಡೆಯಲ್ಲಿ ದಪ್ಪ ಆಳಕ್ಕಿಂತ ಹೆಚ್ಚು. ಕುಳಿ ಬಿದ್ದ ಹುಣ್ಣಿನಲ್ಲಿ ಮೇಲ್ಮೈ ತಗ್ಗಿಹೋಗಿರುವುದರಿಂದ ದಪ್ಪ ಆಳಕ್ಕಿಂತ ಕಡಿಮೆ. ತಾತ್ಕಾಲಿಕ ರಿಪೋರ್ಟಿನಲ್ಲಿ ಕಣ್ಣಳತೆಯ ದಪ್ಪ 14 ಮಿ.ಮೀ. ಮಾತ್ರ ಇತ್ತು. ಆಂಕಾಲಜಿ ನೋಟಿಗೆ ಅದೇ "ಆಳ" ಆಗಿ ಹೋಗಿ pT3 ಆಯಿತು. ಅಂತಿಮ ರಿಪೋರ್ಟಿನ ಸೂಕ್ಷ್ಮದರ್ಶಕದ ಆಳ 9. ಅಗಲ 3.2, ಆಳ 9, ಮೂಳೆ ಶುದ್ಧ: pT2.

ರಿಪೋರ್ಟಿನಲ್ಲಿ ಒಂದೇ ಸಂಖ್ಯೆ ಇದ್ದು, ಅದು ಸ್ಥೂಲ ವಿವರಣೆಯ ಭಾಗದಲ್ಲಿದ್ದರೆ ಅದು ಹೆಚ್ಚುಕಡಿಮೆ ದಪ್ಪವೇ. ಪೆಥಾಲಜಿಗೆ ಫೋನು ಮಾಡಿ "ಇದು ಡಿಒಐಯಾ, ಥಿಕ್‌ನೆಸ್ಸಾ?" ಎಂದು ಕೇಳಲು ಅರ್ಧ ನಿಮಿಷ ಸಾಕು. ಕೇಳಿದ ಮೇಲೆ ಯಾರು ಹೇಳಿದರು, ಯಾವತ್ತು ಎಂದು ಕಚ್ಚಾ ಹಾಳೆಯಲ್ಲಿ ಬರೆದಿಡಿ, ಮತ್ತು ರಿಪೋರ್ಟಿನಲ್ಲೂ ಸೇರಿಸಿ ಕೊಡಲು ಕೋರಿ. ಫೋನಿನ ಮಾತು ಫೈಲಿನಲ್ಲಿ ಉಳಿಯುವುದಿಲ್ಲ.

ನೋಡಿನ ಲೆಕ್ಕ ಕೂಡಿ ನೋಡಿ

ಪೆಥಾಲಜಿ ರಿಪೋರ್ಟಿನ ಕೊನೆಯ ಸಾಲನ್ನಷ್ಟೇ ನಕಲು ಮಾಡುವುದು ಎಲ್ಲರ ಅಭ್ಯಾಸ. ಆ ಸಾಲು 3/30 ಎನ್ನುತ್ತದೆ. ಒಳಗಿನ ಡಬ್ಬಿವಾರು ವಿವರ ಕೂಡಿ: 1ಎ ಮೂರು, 1ಬಿ ಆರು, 2ಎ ಒಂಬತ್ತು, 2ಬಿ ನಾಲ್ಕು, ಲೆವೆಲ್ 3 ಏಳು, ಲೆವೆಲ್ 4 ಐದು. ಒಟ್ಟು 34. ಕೊನೆಯ ಸಾಲಿನಲ್ಲಿ 2ಬಿ ಡಬ್ಬಿಯ ನಾಲ್ಕು ಬಿಟ್ಟುಹೋಗಿವೆ. ಈ ಕೇಸಿನಲ್ಲಿ ಆ ನಾಲ್ಕರಲ್ಲೂ ರೋಗವಿಲ್ಲದ್ದರಿಂದ ಸ್ಟೇಜು ಬದಲಾಗದು. ಬಿಟ್ಟುಹೋದ ಡಬ್ಬಿಯಲ್ಲೇ ರೋಗವಿದ್ದರೆ ಏನಾಗುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ. ಸರ್ಜನ್ ಕಳಿಸಿದ ಡಬ್ಬಿಗಳ ಸಂಖ್ಯೆಯೂ ಪೆಥಾಲಜಿಗೆ ಬಂದ ಡಬ್ಬಿಗಳ ಸಂಖ್ಯೆಯೂ ಒಂದೇ ಇದೆಯೇ ಎಂದು ಇದೇ ಹೊತ್ತಿಗೆ ನೋಡಿ.

ಪಾಸಿಟಿವ್ ಆದವು: 1ಬಿಯಲ್ಲಿ ಎರಡು, 2ಎಯಲ್ಲಿ ಒಂದು, ದೊಡ್ಡದು 2.2 ಸೆಂ.ಮೀ. ಈ ಮೂರರಲ್ಲಿ 2ಎಯದು ಕವಚ ಒಡೆದು 1.5 ಮಿ.ಮೀ. ಹೊರಬಂದಿದೆ. ಇದು ತಾತ್ಕಾಲಿಕ ರಿಪೋರ್ಟಿನಲ್ಲಿ ಇರಲಿಲ್ಲ. ನೋಡನ್ನು ಇನ್ನೂ ಆಳಕ್ಕೆ ಕತ್ತರಿಸಿ ನೋಡಿದ ಮೇಲೆ ಕಂಡದ್ದು. ಆಂಕಾಲಜಿಯವರು ಬರೆದ N2b ಎರಡು ಕಾರಣಕ್ಕೆ ಬಂದಿರಬಹುದು: ಆ ಮಾಹಿತಿ ಕೈಯಲ್ಲಿರಲಿಲ್ಲ, ಅಥವಾ ಹಳೆಯ 7ನೇ ಆವೃತ್ತಿಯ ರೂಢಿ. 7ನೇ ಆವೃತ್ತಿಯಲ್ಲಿ ಕವಚದ ಮಾತು N ಲೆಕ್ಕಕ್ಕೆ ಬರುತ್ತಿರಲಿಲ್ಲ. 8ರಲ್ಲಿ ಒಂದಕ್ಕಿಂತ ಹೆಚ್ಚು ನೋಡುಗಳಿದ್ದು ಯಾವುದಾದರೊಂದರಲ್ಲಿ ಕವಚ ಒಡೆದಿದ್ದರೆ pN3b.

"1.5 ಮಿ.ಮೀ. ಅಷ್ಟೇ ಅಲ್ಲವಾ" ಎಂದು ಯಾರಾದರೂ ಕೇಳಬಹುದು. 2 ಮಿ.ಮೀ.ವರೆಗಿನದನ್ನು ಕಿರಿದು, ಅದಕ್ಕಿಂತ ಹೆಚ್ಚಿನದನ್ನು ಹಿರಿದು ಎಂದು ಬೇರೆಯಾಗಿ ದಾಖಲಿಸುತ್ತಾರೆ, ಆದರೆ N ಲೆಕ್ಕಕ್ಕೆ ಎರಡೂ ಒಂದೇ. ಸಾರಾಂಶದಲ್ಲಿ "ಇದೆ" ಎಂದು ಮಾತ್ರ ಬರೆಯದೆ ಲೆವೆಲ್ ಮತ್ತು ಮಿ.ಮೀ. ಎರಡೂ ಹಾಕಿ, ರೇಡಿಯೇಷನ್ ಡಾಕ್ಟರಿಗೆ ಎಲ್ಲಿ ಡೋಸ್ ಹೆಚ್ಚಿಸಬೇಕೆಂದು ತಿಳಿಯಲು ಲೆವೆಲ್ ಬೇಕು. ಸರ್ಜನ್ ಬರೆದ "ಅಂಟಿಕೊಂಡಿರಲಿಲ್ಲ" ಎಂಬುದಕ್ಕೂ ಇದಕ್ಕೂ ವಿರೋಧವಿಲ್ಲ. ಕೈಗೆ ತಿಳಿಯದ್ದು ಸ್ಲೈಡಿನಲ್ಲಿ ಕಾಣುತ್ತದೆ.

ಹಾಗಾಗಿ ಆಂಕಾಲಜಿ ನೋಟಿನಲ್ಲಿ T ಒಂದು ಮೆಟ್ಟಿಲು ಹೆಚ್ಚು, N ಕಡಿಮೆ. ಒಟ್ಟಾರೆ ಸ್ಟೇಜು IVA ಎಂದು ಹೋಗುತ್ತಿದ್ದದ್ದು ನಿಜದಲ್ಲಿ IVB.

ಹಿಂಬದಿ ಯಾವುದು, ಮುಂಬದಿ ಯಾವುದು

ಈ ಕೇಸಿನಲ್ಲಿ ಹೆಚ್ಚು ಹೊತ್ತು ಕೊಡಬೇಕಾದ್ದು ಅಂಚಿಗೆ. ಮೊದಲ ಓದಿಗೆ ಸರಳ ಕಾಣುತ್ತದೆ: ಹಿಂಬದಿ ಅಂಚು 3 ಮಿ.ಮೀ., ಸರ್ಜನ್ ಅಲ್ಲೇ ಹೆಚ್ಚುವರಿ ಪಟ್ಟಿ ತೆಗೆದಿದ್ದಾರೆ, ಅದರಲ್ಲಿ ರೋಗವಿಲ್ಲ, ಮುಗಿಯಿತು. ಆದರೆ ಎರಡು ಕಾಗದ ಎದುರುಬದುರು ಇಡಿ. ಆಪರೇಷನ್ ನೋಟ್: "ಉದ್ದ ದಾರ ಮುಂಬದಿಗೆ, ಗಿಡ್ಡ ದಾರ ಮೇಲ್ಬದಿಗೆ." ಪೆಥಾಲಜಿಗೆ ಹೋದ ರಿಕ್ವಿಸಿಷನ್ ಫಾರಂ: "ಉದ್ದ ದಾರ ಹಿಂಬದಿಗೆ."

ಒಂದು ಬರೆದದ್ದು ಸರ್ಜನ್, ಆಪರೇಷನ್ ಮುಗಿಸಿ ಸಂಜೆ. ಇನ್ನೊಂದು ಬರೆದದ್ದು ಓಟಿಯಲ್ಲಿ ಡಬ್ಬಿಗೆ ಫಾರ್ಮಲಿನ್ ಹಾಕುವಾಗ ನಿಂತಿದ್ದವರು. ಇವೆರಡರಲ್ಲಿ ಆಪರೇಷನ್ ನೋಟ್ ಸರಿಯಾಗಿದ್ದರೆ ಪೆಥಾಲಜಿಯವರು ಹಿಂಬದಿ ಎಂದದ್ದು ಮುಂಬದಿ. ಆಗ 3 ಮಿ.ಮೀ. ಅಂಚು ಬಾಯಿಯ ಮೂಲೆಯ ಕಡೆಗಿದೆ, ಅಲ್ಲಿ ಹೆಚ್ಚುವರಿ ಪಟ್ಟಿ ತೆಗೆದೇ ಇಲ್ಲ. ಇಡೀ ಅಂಚಿನ ಕಥೆ ತಲೆಕೆಳಗು.

ಇದನ್ನು ಊಹಿಸಿ ಬರೆಯುವಂತಿಲ್ಲ. ತುಂಡಿನಲ್ಲಿ ದಿಕ್ಕು ಹೇಳುವ ಬೇರೆ ಗುರುತು ಇದೆಯೇ ಎಂದು ನೋಡಿ. ಇಲ್ಲಿ ದವಡೆಯ ಪಟ್ಟಿ ಸೇರಿದೆ, ಅದರ ಮೇಲೆ ಹಲ್ಲುಗಳಿವೆ. ಪೆಥಾಲಜಿಯ ಗ್ರಾಸಿಂಗ್ ಫೋಟೋ ಕೇಳಿ ತರಿಸಿ: ಪಟ್ಟಿಯ ಒಂದು ತುದಿಯಲ್ಲಿ ಒಂದೇ ಬೇರಿನ ಸಣ್ಣ ಹಲ್ಲು, ಇನ್ನೊಂದು ತುದಿಯಲ್ಲಿ ಅಗಲವಾದ ದವಡೆಹಲ್ಲು. ದವಡೆಹಲ್ಲಿನ ತುದಿ ಹಿಂಬದಿ, ಅದರಲ್ಲಿ ಸಂದೇಹವಿಲ್ಲ. ಫೋಟೋದಲ್ಲಿ ಉದ್ದ ದಾರ ಆ ತುದಿಯಲ್ಲೇ ಇದೆ. ಅಂದರೆ ಫಾರಂ ಸರಿ, ಆಪರೇಷನ್ ನೋಟಿನ ಒಂದು ಪದ ತಪ್ಪು, 3 ಮಿ.ಮೀ. ನಿಜವಾಗಿಯೂ ಹಿಂಬದಿಯದೇ. ಸರ್ಜನ್‌ಗೆ ಫೋಟೋ ತೋರಿಸಿ ಒಪ್ಪಿಸಿ, ಅವರ ಕೈಯಿಂದಲೇ ನೋಟಿಗೆ ತಾರೀಖು ಹಾಕಿದ ತಿದ್ದುಪಡಿ ಬರೆಸಿ. ಹಳೆಯ ಸಾಲನ್ನು ಅಳಿಸಬಾರದು. ಹಲ್ಲು, ಚರ್ಮ, ತುಟಿ ಏನೂ ಇಲ್ಲದ ಬರೀ ಕೆನ್ನೆಯ ತುಂಡಾಗಿದ್ದರೆ ಈ ದಾರಿ ಇರುವುದಿಲ್ಲ. ಆಗ "ದಿಕ್ಕು ಖಚಿತವಿಲ್ಲ" ಎಂದೇ ಬೋರ್ಡಿನ ಮುಂದಿಡಬೇಕು.

ಇನ್ನು ಆ 3 ಮಿ.ಮೀ. ಬರೆಯುವ ರೀತಿ. "ಶುದ್ಧ", "ಹತ್ತಿರ" ಎಂಬ ಪದ ಬಳಸಬೇಡಿ, ಸಂಖ್ಯೆ ಬಳಸಿ. 5 ಮಿ.ಮೀ. ಇದ್ದರೆ ಶುದ್ಧ, ಅದಕ್ಕಿಂತ ಕಡಿಮೆ ಇದ್ದರೆ ಹತ್ತಿರ ಎಂಬುದು ಸಾಮಾನ್ಯ ಒಪ್ಪಂದ, ಆದರೆ ಪಾಸಿಟಿವ್ ಎಲ್ಲಿ ಶುರು ಎಂಬಲ್ಲಿ ಮತಭೇದವಿದೆ: ಕೆಲವರಿಗೆ ಶಾಯಿ ಮೇಲೆಯೇ ಗೆಡ್ಡೆ ಇರಬೇಕು, ಕೆಲವರಿಗೆ 1 ಮಿ.ಮೀ. ಒಳಗಿದ್ದರೂ ಸಾಕು. ಆಂಕಾಲಜಿಯವರ "ಅಂಚುಗಳು ಶುದ್ಧ" ಎಂಬ ಮಾತು ಫ್ರೋಜನ್ ಚೀಟಿಯಿಂದ ಬಂದದ್ದು. ಫ್ರೋಜನ್ ನೋಡಿದ್ದು ಪೊರೆಯ ಅಂಚುಗಳನ್ನು; ಆಳದ ಅಂಚು ಫ್ರೋಜನ್‌ಗೆ ಹೋಗಿಯೇ ಇರಲಿಕ್ಕಿಲ್ಲ. ಅಂತಿಮ ರಿಪೋರ್ಟಿನಲ್ಲಿ ಆಳದ ಅಂಚನ್ನು ಬೇರೆಯಾಗಿ ಹುಡುಕಿ. ಇಲ್ಲಿ 6 ಮಿ.ಮೀ.

ಹೆಚ್ಚುವರಿ ಪಟ್ಟಿ 10 ಮಿ.ಮೀ. ಅಗಲ ಎಂದಿದೆ. ಅದನ್ನು 3ಕ್ಕೆ ಕೂಡಿ "ಅಂಚು 13 ಮಿ.ಮೀ." ಎಂದು ಬರೆಯುವ ಆಸೆಗೆ ಬೀಳಬೇಡಿ. ಪಟ್ಟಿಯ ಯಾವ ಮುಖ ಗೆಡ್ಡೆಯ ಕಡೆಗಿತ್ತು, ಪಟ್ಟಿ ತುಂಡಿನ ಅಂಚಿನ ಉದ್ದಕ್ಕೂ ಬಂದಿದೆಯೋ ಒಂದು ಮೂಲೆಯದೋ ಎಂದು ಗುರುತಿಲ್ಲದಿದ್ದರೆ ಆ ಕೂಡಿಕೆಗೆ ಅರ್ಥವಿಲ್ಲ. ಮೇಲಾಗಿ ಕತ್ತರಿಸಿದ ಕೂಡಲೇ ಬಾಯಿಯ ಪೊರೆ ಮುದುಡುತ್ತದೆ. ಟೇಬಲ್ ಮೇಲೆ ಸೆಂಟಿಮೀಟರು ಕಂಡದ್ದು ಸ್ಲೈಡಿನಲ್ಲಿ ಅಷ್ಟೇ ಇರುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ಬರೆಯಿರಿ: "ಮುಖ್ಯ ತುಂಡಿನ ಹಿಂಬದಿ ಅಂಚು 3 ಮಿ.ಮೀ.; ಅಲ್ಲಿಂದಲೇ ತೆಗೆದ ಹೆಚ್ಚುವರಿ ಪಟ್ಟಿಯಲ್ಲಿ ಗೆಡ್ಡೆ ಇಲ್ಲ."

ಕಿಡ್ನಿಯ ಸಂಖ್ಯೆಗೆ ತೂಕವೂ ತಾರೀಖೂ ಬೇಕು

ಕವಚ ಒಡೆದಿರುವುದರಿಂದ ಸಿಸ್‌ಪ್ಲಾಟಿನ್ ಮಾತು ಬರುವುದು ಖಚಿತ. ಆಂಕಾಲಜಿ ನೋಟಿನಲ್ಲಿ "ಕಿಡ್ನಿ ಸಾಮಾನ್ಯ, ಮೂರು ವಾರಕ್ಕೊಮ್ಮೆ ಚದರ ಮೀಟರಿಗೆ 100 ಮಿ.ಗ್ರಾಂ. ಯೋಚನೆ" ಎಂದಿದೆ. ಯಾವ ಕ್ರಿಯಾಟಿನಿನ್ ನೋಡಿ? ಮೇ 28ರ 0.9. ಆಗ ರೋಗಿಯ ತೂಕ 54 ಕೆ.ಜಿ. ಇತ್ತು. ಜೂನ್ 24ಕ್ಕೆ ಕ್ರಿಯಾಟಿನಿನ್ 1.2, ತೂಕ 48. 1.2 ಎಂಬುದು ಲ್ಯಾಬ್ ಚೀಟಿಯಲ್ಲಿ ಕೆಂಪಾಗಿ ಬರುವುದಿಲ್ಲ, ಆದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಲೆಕ್ಕ ಹಾಕಿ ನೋಡಿ:

```
(140 − ವಯಸ್ಸು) × ತೂಕ ÷ (72 × ಕ್ರಿಯಾಟಿನಿನ್)
ಮೇ 28:   88 × 54 ÷ (72 × 0.9) = 73
ಜೂನ್ 24: 88 × 48 ÷ (72 × 1.2) = 49
```

ಇದು ಗಂಡಸರ ಸೂತ್ರ, ಹೆಂಗಸರಿಗೆ ಬಂದ ಉತ್ತರವನ್ನು 0.85ರಿಂದ ಗುಣಿಸಬೇಕು. ನಿಮಿಷಕ್ಕೆ 73 ಮಿ.ಲೀ. ಇದ್ದದ್ದು 49ಕ್ಕೆ ಇಳಿದಿದೆ. 50ರ ಕೆಳಗೆ ಬಂದರೆ ಪೂರ್ತಿ ಡೋಸ್ ಸಿಸ್‌ಪ್ಲಾಟಿನ್ ಕೊಡಲು ಸಾಮಾನ್ಯವಾಗಿ ಹಿಂಜರಿಯುತ್ತಾರೆ. ಆದರೆ ಇದು ಕಿಡ್ನಿ ಕೆಟ್ಟಿದ್ದಲ್ಲದೆ ನೀರಿನ ಕೊರತೆಯೂ ಇರಬಹುದು. ಮೂಗಿನ ಕೊಳವೆಯಲ್ಲಿ ಅಂಬಲಿ ಹಾಕುವ ಮನೆಯವರು ಎರಡು ಸಲದ ನಡುವೆ ನೀರು ಹಾಕಲು ಮರೆಯುವುದು ಸಾಮಾನ್ಯ, ರಾಯಚೂರು ಬಿಸಿಲಿನಲ್ಲಿ ಅದು ಬೇಗ ತೋರುತ್ತದೆ. ದಿನಕ್ಕೆ ಎಷ್ಟು ಸಲ, ಪ್ರತಿ ಸಲ ಎಷ್ಟು ಮಿ.ಲೀ. ಹಾಕುತ್ತಾರೆ ಎಂದು ಕೇಳಿ ಬರೆಯಿರಿ. ನೀರಿನಂಶ ಸರಿಪಡಿಸಿ ಮತ್ತೆ ಪರೀಕ್ಷೆ ಮಾಡಿಸಬೇಕೇ ಎಂಬುದನ್ನು ಬೋರ್ಡಿನ ಮುಂದೆ ಪ್ರಶ್ನೆಯಾಗಿ ಇಡಿ.

ಪರ್ಯಾಯಗಳನ್ನು ಸಾರಾಂಶದವರು ಆರಿಸಬಾರದು, ಆದರೆ ಹೆಸರಿಸಬಹುದು: ವಾರಕ್ಕೊಮ್ಮೆ ಚದರ ಮೀಟರಿಗೆ 40 ಮಿ.ಗ್ರಾಂ. ಸಿಸ್‌ಪ್ಲಾಟಿನ್, ಅಥವಾ ಸಿಸ್‌ಪ್ಲಾಟಿನ್ ಆಗದವರಿಗೆ ಮುಂಬೈನ ಟಾಟಾ ಮೆಮೋರಿಯಲ್‌ನವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ವಾರಕ್ಕೊಮ್ಮೆ ಚದರ ಮೀಟರಿಗೆ 15 ಮಿ.ಗ್ರಾಂ. ಡೋಸೆಟಾಕ್ಸೆಲ್. ಕಿವಿಯ ಆಡಿಯೋಗ್ರಾಂ ಆಗಿಲ್ಲದಿದ್ದರೆ "ಆಗಿಲ್ಲ" ಎಂದು ಬರೆಯಿರಿ. ಖಾಲಿ ಬಿಟ್ಟರೆ ಸರಿಯಾಗಿದೆ ಎಂದು ಓದಿಕೊಳ್ಳುತ್ತಾರೆ.

ದಿನಗಳ ಲೆಕ್ಕ

ಆಪರೇಷನ್ ಆದ ಆರು ವಾರದೊಳಗೆ ರೇಡಿಯೇಷನ್ ಶುರುವಾಗಬೇಕು ಎಂಬುದು ಗುರಿ. ಜೂನ್ 3ಕ್ಕೆ 42 ದಿನ ಕೂಡಿದರೆ ಜುಲೈ 15. ಈಗ ಹಿಂದಕ್ಕೆ ಎಣಿಸಿ. ದಂತ ವಿಭಾಗದವರು ಎರಡು ಹುಳುಕು ಹಲ್ಲು ಕೀಳಬೇಕು ಎಂದಿದ್ದಾರೆ. ಕಿತ್ತ ಜಾಗ ಮಾಯಲು ಎರಡು ವಾರ ಬೇಕು, ಮಾಯದೆ ರೇಡಿಯೇಷನ್ ಕೊಟ್ಟರೆ ದವಡೆ ಮೂಳೆ ಕೊಳೆಯುವ ಭಯ. ಬೋರ್ಡಿನ ಮರುದಿನ ಜೂನ್ 28ಕ್ಕೆ ಕಿತ್ತರೆ ಜುಲೈ 12ಕ್ಕೆ ಮುಗಿಯುತ್ತದೆ. ಮಾಸ್ಕ್ ಮತ್ತು ಪ್ಲಾನಿಂಗ್ ಸಿಟಿಯನ್ನು ಆ ಎರಡು ವಾರದ ಒಳಗೇ ಮಾಡಿಕೊಂಡರೆ ಮೂರು ದಿನ ಉಳಿಯುತ್ತದೆ. ಮುಂದಿನ ವಾರದ ಬೋರ್ಡಿಗೆ, ಅಂದರೆ ಜುಲೈ 4ಕ್ಕೆ ತಳ್ಳಿದರೆ 19ಕ್ಕೆ ಹೋಗಿ ಗೆರೆ ದಾಟುತ್ತದೆ. ಹಾಳೆಯಲ್ಲಿ ಇದನ್ನು ಒಂದೇ ಸಾಲಿನಲ್ಲಿ ಹಾಕಿ. "ಮುಂದಿನ ವಾರ ನೋಡೋಣ" ಎಂಬ ಮಾತಿಗೆ ಅದೇ ಉತ್ತರ.

ಇದರ ಜೊತೆಗೆ ರೋಗಿಯ ಕಡೆಯವರು ಹೇಳಿದ್ದನ್ನೂ ಸೇರಿಸಿ. "ಕಾಲುವೆಗೆ ನೀರು ಬಿಡ್ತಾರ್ರಿ ಡಾಕ್ಟ್ರೇ, ನಾಟಿ ಮುಗಿಸ್ಕೊಂಡು ಬರ್ತೀವಿ" ಎಂದು ಮಗ ಹೇಳಿದ್ದರೆ ಅದು ಸಾಮಾಜಿಕ ವಿವರವಲ್ಲ, ಚಿಕಿತ್ಸೆ ಒಂದು ತಿಂಗಳು ತಡವಾಗುವ ಸೂಚನೆ. 30ರಿಂದ 33 ಸಲ, ವಾರಕ್ಕೆ ಐದು ದಿನ, ಆರರಿಂದ ಏಳು ವಾರ ರೇಡಿಯೇಷನ್ ಇರುವ ಊರಲ್ಲಿ ಉಳಿಯಬೇಕು. ಉಳಿಯಲು ಜಾಗವಿದೆಯೇ, ಆರೋಗ್ಯ ಕಾರ್ಡು ಇದೆಯೇ, ಜೊತೆಗೆ ಯಾರು ಇರುತ್ತಾರೆ: ಇಷ್ಟು ಕೇಳಿ.

ಹಾಳೆ

ಈಗ ಬರೆಯಿರಿ. ಒಂದು ಪುಟ ಮೀರಬಾರದು. ಈ ಕೇಸಿನ ಹಾಳೆ ಹೀಗೆ ನಿಲ್ಲುತ್ತದೆ:

ಪ್ರಶ್ನೆ: ರೇಡಿಯೇಷನ್ ಒಂದೇ ಅಥವಾ ಕೀಮೋ ಸಹಿತ? ಈಗಿನ ಕಿಡ್ನಿ ಸ್ಥಿತಿಯಲ್ಲಿ ಸಿಸ್‌ಪ್ಲಾಟಿನ್ ಆಗುತ್ತದೆಯೇ?

ರೋಗಿ: 52, ಗಂಡು, ಗುಟ್ಕಾ 20 ವರ್ಷ. ಓಡಾಡುತ್ತಾನೆ, ಹೊಲದ ಕೆಲಸ ಆಗುವುದಿಲ್ಲ (ಇಕಾಗ್ 1). ಬಾಯಿ ತೆರೆಯುವುದು 18 ಮಿ.ಮೀ. ಮೂಗಿನ ಕೊಳವೆ ಇದೆ.

ರೋಗ: ಬಲ ಕೆನ್ನೆ-ಕೆಳವಸಡು, ಸ್ಕ್ವೇಮಸ್ ಸೆಲ್, ಮಧ್ಯಮ ದರ್ಜೆ. 3.2 ಸೆಂ.ಮೀ., ಆಳ 9 ಮಿ.ಮೀ., ನರದ ಸುತ್ತ ಹರಡಿದೆ, ಮೂಳೆ ಶುದ್ಧ.

ಅಂಚು: ಹಿಂಬದಿ 3 ಮಿ.ಮೀ. (ಹೆಚ್ಚುವರಿ ಪಟ್ಟಿಯಲ್ಲಿ ಗೆಡ್ಡೆ ಇಲ್ಲ), ಆಳದ್ದು 6 ಮಿ.ಮೀ., ಉಳಿದವು 8ಕ್ಕಿಂತ ಹೆಚ್ಚು. ದಾರದ ಗುರುತಿನ ಗೊಂದಲ ಗ್ರಾಸಿಂಗ್ ಫೋಟೋದಿಂದ ಬಗೆಹರಿದಿದೆ, ನೋಟ್ ತಿದ್ದಿದೆ.

ನೋಡ್: 3/34 (1ಬಿ 2, 2ಎ 1). 2ಎಯಲ್ಲಿ ಕವಚದ ಹೊರಗೆ 1.5 ಮಿ.ಮೀ. ರಿಪೋರ್ಟಿನ ಕೊನೆಯ ಸಾಲಿನ 3/30 ಕೂಡಿಕೆ ತಪ್ಪು, ತಿದ್ದುಪಡಿಗೆ ಕೋರಿದೆ.

ಸ್ಟೇಜು: pT2 pN3b, IVB, 8ನೇ ಆವೃತ್ತಿ. (ಜೂನ್ 16ರ ನೋಟಿನ pT3 N2b ತಾತ್ಕಾಲಿಕ ರಿಪೋರ್ಟಿನಿಂದ.)

ಸಾಮರ್ಥ್ಯ: ಜೂನ್ 24, ತೂಕ 48 (ಮೇ 28ರಲ್ಲಿ 54), ಕ್ರಿಯಾಟಿನಿನ್ 1.2, ಕ್ಲಿಯರೆನ್ಸ್ 49. ಆಡಿಯೋಗ್ರಾಂ ಆಗಿಲ್ಲ.

ಗಡುವು: ಆರು ವಾರ ಜುಲೈ 15ಕ್ಕೆ. ಹಲ್ಲು ಕೀಳುವುದು ಬಾಕಿ, ಜುಲೈ 1 ದಾಟಿದರೆ ಗಡುವು ಜಾರುತ್ತದೆ. ಮನೆಯವರು ನಾಟಿಗೆ ಹೋಗುವ ಮಾತಾಡುತ್ತಿದ್ದಾರೆ.

ತಪ್ಪು ತಿದ್ದಿದ್ದನ್ನು ಯಾರ ತಪ್ಪೆಂದು ಹೇಳದೆ, ಯಾವ ತಾರೀಖಿನ ಕಾಗದದಿಂದ ಬಂತು ಎಂದಷ್ಟೇ ಬರೆದಿರುವುದನ್ನು ಗಮನಿಸಿ. ತುಂಬಿದ ಸಭೆಯಲ್ಲಿ ಹಿರಿಯರೊಬ್ಬರ ಸ್ಟೇಜು ತಪ್ಪೆಂದು ಮೊದಲ ಸಲ ಓದಿ ಹೇಳುವುದು ಯಾರಿಗೂ ಒಳ್ಳೆಯದಲ್ಲ. ಹಾಳೆಯನ್ನು ಹಿಂದಿನ ದಿನವೇ ಮೂವರಿಗೂ ಕಳಿಸಿ. "ಮೇಡಂ, ಅಂತಿಮ ರಿಪೋರ್ಟಿನ ಪ್ರಕಾರ ಇಷ್ಟು ಬದಲಾಗಿದೆ, ಒಮ್ಮೆ ನೋಡಿಬಿಡಿ" ಎಂದು ಒಂದು ಮಾತು ಸಾಕು. ಬಹಳ ಸಲ ಅವರೇ ನೋಟ್ ತಿದ್ದಿ ಬರುತ್ತಾರೆ. ಸಾಮಾನ್ಯ ವಾಟ್ಸ್ಆಪ್ ಗ್ರೂಪಿಗೆ ಹೆಸರು, ಫೋಟೋ ಸಮೇತ ಹಾಕಬೇಡಿ, ಆಸ್ಪತ್ರೆ ನಂಬರು ಸಾಕು.

ಸಭೆಯಲ್ಲಿ ತೀರ್ಮಾನ ಬರೆಯುವಾಗ ಔಷಧಿಯ ಹೆಸರಿನ ಜೊತೆ ಕಾರಣವನ್ನೂ ಬರೆಯಿರಿ: "ಕವಚ ಒಡೆದಿರುವುದಕ್ಕೆ ಕೀಮೋ ಸಹಿತ, ನೀರಿನಂಶ ಸರಿಪಡಿಸಿ ಜುಲೈ 1ಕ್ಕೆ ಕ್ರಿಯಾಟಿನಿನ್, ಕ್ಲಿಯರೆನ್ಸ್ 50 ದಾಟದಿದ್ದರೆ ಡೋಸೆಟಾಕ್ಸೆಲ್." ಹೀಗಿದ್ದರೆ ಜುಲೈ 1ಕ್ಕೆ ಫಲಿತಾಂಶ ನೋಡುವವರು ಯಾರೇ ಇರಲಿ, ಮತ್ತೆ ಬೋರ್ಡಿಗೆ ತರಬೇಕಿಲ್ಲ. ಪ್ರತಿ ಕೆಲಸದ ಮುಂದೆ ಯಾರು, ಯಾವತ್ತಿಗೆ ಎಂದು ಹಾಕಿ. ಹಾಳೆಯ ಕೆಳಗೆ "ಜೂನ್ 23ರ ರಿಪೋರ್ಟಿನವರೆಗೆ ನೋಡಿದೆ" ಎಂದು ಬರೆದು ಸಹಿ ಮಾಡಿ. ಆಮೇಲೆ ಪೆಥಾಲಜಿಯಿಂದ ಇನ್ನೊಂದು ಪೂರಕ ಬಂದರೆ, ಬೋರ್ಡು ಅದನ್ನು ನೋಡಿರಲಿಲ್ಲ ಎಂಬುದು ಆ ಸಾಲಿನಿಂದಲೇ ತಿಳಿಯುತ್ತದೆ.